ಹೆಸರು ಮುಚ್ಚಿದರೂ ಗುರುತು ಸಿಗಬೇಕು: ಅನಿಮೇಷನ್ ಪಾತ್ರಗಳಿಗೆ ಬೇರೆ ಬೇರೆ ಮಾತು ಬರೆಯುವ ಕ್ರಮ

ಓದಿ ನೋಡಿ ಅಂತ ನನಗೆ ಬರುವ ಕಿರು ಅನಿಮೇಷನ್ ಸ್ಕ್ರಿಪ್ಟ್‌ಗಳಲ್ಲಿ ಒಂದೇ ತೊಂದರೆ ಮತ್ತೆ ಮತ್ತೆ ಕಾಣುತ್ತದೆ. ಆನೆ, ಇಲಿ, ಅಜ್ಜಿ, ರೋಬಾಟ್ ಎಲ್ಲರೂ ಬರೆದವರ ಹಾಗೇ ಮಾತಾಡುತ್ತಾರೆ. ಬರೆದವರಿಗೆ ಅದು ಕೇಳಿಸುವುದಿಲ್ಲ. ಅವರ ತಲೆಯಲ್ಲಿ ಆನೆಯ ಸೊಂಡಿಲು, ಇಲಿಯ ಮೀಸೆ ಎಲ್ಲಾ ಓಡಾಡುತ್ತಿರುತ್ತವೆ. ಚಿತ್ರ ಬೇರೆ ಬೇರೆ ಇರುವುದರಿಂದ ಮಾತೂ ಬೇರೆ ಇದೆ ಅನ್ನಿಸಿಬಿಡುತ್ತದೆ.

ನಾನೂ ಇದೇ ಹಳ್ಳಕ್ಕೆ ಬಿದ್ದವನು. ನನ್ನ ಮೊದಲ ಮೂರು ನಿಮಿಷದ ಚಿತ್ರದಲ್ಲಿ ಅರ್ಧ ಡ್ರಾಯಿಂಗ್ ಮುಗಿದ ಮೇಲೆ ಧ್ವನಿ ರೆಕಾರ್ಡ್ ಮಾಡಲು ಹೋದೆವು. ಪರದೆಗೆ ಬೆನ್ನು ಹಾಕಿ ಕೂತಿದ್ದ ಸೌಂಡ್ ಹುಡುಗ ಎರಡು ಸಲ ತಿರುಗಿ ಕೇಳಿದ: "ಈಗ ಮಾತಾಡಿದ್ದು ಯಾರು?" ಮಾತು ಬದಲಾಯಿಸೋಣ ಅಂದರೆ ಬಾಯಿಯ ಚಿತ್ರಗಳೂ ಬದಲಾಗಬೇಕು. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಸರದಿಯಲ್ಲಿ ಮಾಡಿ. ಚಿತ್ರ ಬಿಡಿಸುವುದು ಇವೆಲ್ಲ ಮುಗಿದ ಮೇಲೆ.

ಉದಾಹರಣೆಗೆ ಒಂದೇ ದೃಶ್ಯವನ್ನು ಕೊನೆಯವರೆಗೂ ಹಿಡಿದುಕೊಳ್ಳೋಣ. ಹಲಸಿನ ಮರದ ಕೆಳಗೆ ಒಂದು ಹಣ್ಣು ಬಿದ್ದಿದೆ. ಮೂರು ಪಾತ್ರಗಳು: ಎಮ್ಮೆ ಗಂಗಕ್ಕ, ಅಳಿಲು ಪುಟ್ಟ, ಕಾಗೆ ಕಾಳಪ್ಪ. ಹಣ್ಣು ಯಾರದ್ದು ಅನ್ನುವುದೇ ಜಗಳ.

## ಏನೇನು ಬೇಕು

ಒಂದು ನೋಟ್‌ಬುಕ್, ಮೊಬೈಲಿನ ರೆಕಾರ್ಡರ್, ಸ್ಟಾಪ್‌ವಾಚ್, ಹೆಸರು ಮುಚ್ಚಲು ಒಂದು ರಟ್ಟಿನ ಪಟ್ಟಿ. ಜೊತೆಗೆ ಕಥೆ ಗೊತ್ತಿಲ್ಲದ ಒಬ್ಬ ಸ್ನೇಹಿತರು. ಈ ಕೊನೆಯದನ್ನು ಬಿಡಬೇಡಿ. ಪರೀಕ್ಷೆ ನಡೆಯುವುದೇ ಅವರ ಕಿವಿಯ ಮೇಲೆ.

## ಹಂತ 1: ಮೊದಲು ಸಪ್ಪೆ ಸಾಲು ಬರೆಯಿರಿ

ಮೊದಲ ಸಲಕ್ಕೇ ಚಂದದ ಮಾತು ಬರೆಯಲು ಕೂರಬೇಡಿ. ಪ್ರತಿ ಪಾತ್ರ ಆ ಕ್ಷಣದಲ್ಲಿ ಏನು ಹೇಳಬೇಕು ಅನ್ನುವುದನ್ನು ಮಾತ್ರ, ಉಪ್ಪು ಖಾರ ಇಲ್ಲದೆ ಬರೆಯಿರಿ. ನಮ್ಮ ದೃಶ್ಯದ ಸಪ್ಪೆ ಸಾಲುಗಳು ಇವು:

ಪುಟ್ಟ: ಹಣ್ಣು ಬಿದ್ದಿದೆ, ಬನ್ನಿ.
ಗಂಗಕ್ಕ: ನನಗೆ ಅವಸರ ಇಲ್ಲ.
ಕಾಳಪ್ಪ: ಅದು ನನ್ನದು, ನಾನು ಮೊದಲು ನೋಡಿದ್ದು.
ಪುಟ್ಟ: ಇಲ್ಲ, ನಾನು ಮೊದಲು ನೋಡಿದ್ದು.
ಗಂಗಕ್ಕ: ನಾನಿಲ್ಲದೆ ಅದನ್ನು ಒಡೆಯಲು ನಿಮ್ಮಿಂದ ಆಗುವುದಿಲ್ಲ.

ಈ ಐದು ಸಾಲು ಇಟ್ಟುಕೊಂಡು ಒಂದು ಪ್ರಶ್ನೆ ಕೇಳಿಕೊಳ್ಳಿ. ಇದರಲ್ಲಿ ಯಾವುದನ್ನು ಚಿತ್ರವೇ ಹೇಳಿಬಿಡುತ್ತದೆ? "ಹಣ್ಣು ಬಿದ್ದಿದೆ" ಅನ್ನುವುದು ಪರದೆಯ ಮೇಲೆ ಕಾಣುತ್ತದೆ. ಹಾಗಾದರೆ ಪುಟ್ಟನ ಮೊದಲ ಸಾಲಿನ ಕೆಲಸ ಸುದ್ದಿ ಹೇಳುವುದಲ್ಲ, ಅವನ ಗಡಿಬಿಡಿ ತೋರಿಸುವುದು. ಇದು ಮೊದಲೇ ಗೊತ್ತಾದರೆ ಸಾಲು ಹಗುರಾಗುತ್ತದೆ.

ಎಡವಟ್ಟು ಇಲ್ಲಿ ಹೀಗಾಗುತ್ತದೆ: ಒಂದು ತಮಾಷೆ ಮಾತು ಮೊದಲು ಹೊಳೆಯುತ್ತದೆ, ಅದನ್ನು ಯಾರ ಬಾಯಿಗಾದರೂ ತುರುಕೋಣ ಅನ್ನಿಸುತ್ತದೆ. "ಈ ಡೈಲಾಗ್ ಯಾರಿಗೆ ಕೊಡಲಿ" ಅಂತ ನೀವು ಯೋಚಿಸುತ್ತಿದ್ದರೆ ಆ ಮಾತು ನಿಮ್ಮದು, ಪಾತ್ರದ್ದಲ್ಲ. ತೆಗೆದು ಪಕ್ಕಕ್ಕಿಡಿ.

## ಹಂತ 2: ಪಾತ್ರ ಈ ಪದಗಳನ್ನು ಎಲ್ಲಿ ಕಲಿತಿತು?

ಪಾತ್ರದ ಸ್ವಭಾವದಿಂದ ಪದ ಹುಡುಕಲು ಹೋದರೆ ಏನೂ ಸಿಗುವುದಿಲ್ಲ. "ಗಂಗಕ್ಕ ಶಾಂತ ಸ್ವಭಾವದವಳು" ಅಂತ ಬರೆದುಕೊಂಡರೆ ಅವಳ ಬಾಯಿಗೆ ಯಾವ ಪದ ಬಂತು? ಒಂದೂ ಇಲ್ಲ. ಬದಲಿಗೆ ಅವಳು ದಿನವಿಡೀ ಎಲ್ಲಿರುತ್ತಾಳೆ, ಯಾರ ಮಾತು ಕೇಳಿಸಿಕೊಳ್ಳುತ್ತಾಳೆ ಅಂತ ಬರೆಯಿರಿ.

ಗಂಗಕ್ಕ ಕೊಟ್ಟಿಗೆಯವಳು. ಅವಳಿಗೆ ಗೊತ್ತಿರುವುದು ಮೇವು, ಮೆಲುಕು, ಹಗ್ಗ, ಗೂಟ, ಗೊಬ್ಬರ, ಕರು, ಮಳೆ. ಯಾವ ವಿಷಯ ಬಂದರೂ ಈ ಪದಗಳಿಂದಲೇ ಅಳೆಯುತ್ತಾಳೆ.

ಕಾಳಪ್ಪನ ಗೂಡು ತಾಲ್ಲೂಕು ಕಚೇರಿಯ ಕಿಟಕಿ ಪಕ್ಕದ ಮರದಲ್ಲಿದೆ. ಹತ್ತು ವರ್ಷದಿಂದ ಅವನ ಕಿವಿಗೆ ಬಿದ್ದಿರುವುದು ಸದರಿ, ಮೇಲ್ಕಂಡ, ಅರ್ಜಿ, ಆದೇಶ, ಪರಿಶೀಲಿಸಲಾಗಿದೆ. ಅವನಿಗೆ ಅದೇ ಕನ್ನಡ. "ನಾನು" ಅನ್ನುವ ಪದವೇ ಅವನ ಬಾಯಲ್ಲಿ ಬರುವುದಿಲ್ಲ, ಕಚೇರಿಯ ಕಾಗದದಲ್ಲಿ ಯಾರೂ "ನಾನು ಮಾಡಿದೆ" ಅಂತ ಬರೆಯುವುದಿಲ್ಲವಲ್ಲ.

ಪುಟ್ಟ ಚಿಕ್ಕವನು, ಒಂದು ಕಡೆ ಕೂರುವವನಲ್ಲ. ಅವನಿಗೆ ಪದಕ್ಕಿಂತ ಸದ್ದು ಜಾಸ್ತಿ ಗೊತ್ತು: ಧೊಪ್, ಚಟ್, ಸರಸರ, ಪಟಪಟ. ಕನ್ನಡದ ಅನುಕರಣ ಪದಗಳು ಇಂಥ ಪಾತ್ರಕ್ಕೆ ಹೇಳಿ ಮಾಡಿಸಿದ ಹಾಗಿವೆ. ಆದರೆ ಅವನ್ನು ಪುಟ್ಟನಿಗೆ ಕೊಟ್ಟ ಮೇಲೆ ಉಳಿದವರಿಂದ ಕಿತ್ತುಕೊಳ್ಳಬೇಕು. ಗಂಗಕ್ಕನೂ "ಧೊಪ್ ಅಂತ ಬಿತ್ತು" ಅಂದರೆ ಪುಟ್ಟನ ಆಸ್ತಿ ಹೋಯಿತು.

ಇಲ್ಲಿರುವ ಮುಖ್ಯ ಕೆಲಸ ಇದೇ. ಪ್ರತಿ ಪಾತ್ರಕ್ಕೆ ಹತ್ತು ಪದ ಬರೆಯಿರಿ, ಪಕ್ಕದಲ್ಲಿ ಆ ಪಾತ್ರ ಎಂದೂ ಆಡದ ಐದು ಪದ ಅಥವಾ ರೂಪ ಬರೆಯಿರಿ. ನನ್ನ ಅನುಭವದಲ್ಲಿ ಎರಡನೇ ಪಟ್ಟಿಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಗಂಗಕ್ಕ ಪ್ರಶ್ನೆ ಕೇಳುವುದಿಲ್ಲ. ಕಾಳಪ್ಪ "ನಾನು" ಅನ್ನುವುದಿಲ್ಲ. ಪುಟ್ಟ ಒಂದು ವಾಕ್ಯವನ್ನೂ ನೆಟ್ಟಗೆ ಮುಗಿಸುವುದಿಲ್ಲ.

ಎಚ್ಚರಿಕೆ: ಹತ್ತು ಪದ ಬರೆಯುವ ಬದಲು ಒಂದೇ ಪಲ್ಲವಿ ಕೊಟ್ಟು ಕೈ ತೊಳೆದುಕೊಳ್ಳುವವರು ಜಾಸ್ತಿ. ಪ್ರತಿ ಸಾಲಿನ ಕೊನೆಗೆ "ಏನಂತೀರಾ?" ಅಂತ ಸೇರಿಸಿದರೆ ಪಾತ್ರ ಹುಟ್ಟುವುದಿಲ್ಲ. ಆ ಪಲ್ಲವಿಯನ್ನು ಹೊಡೆದುಹಾಕಿ ಓದಿ. ಉಳಿದ ಸಾಲು ಬೇರೆ ಯಾರಿಗಾದರೂ ಹೊಂದುತ್ತದಾ? ಹೊಂದಿದರೆ ನೀವು ಅಂಟಿಸಿದ್ದು ಬರೀ ಬಾಲ.

## ಹಂತ 3: ಉಸಿರು ಅಳೆಯಿರಿ

ಲಯ ಅಂದರೆ ಬರೀ ವೇಗ ಅಲ್ಲ. ಒಂದು ಉಸಿರಿಗೆ ಎಷ್ಟು ಮಾತು, ಎಲ್ಲಿ ನಿಲ್ಲುತ್ತದೆ, ಅಕ್ಷರಗಳು ಉದ್ದವೋ ಗಿಡ್ಡವೋ, ಇವೆಲ್ಲ ಸೇರಿ ಲಯ. ಇದನ್ನು ಅಳೆಯಲು ನಮಗೆ ಹೊಸ ಉಪಕರಣ ಬೇಕಿಲ್ಲ. ಹೈಸ್ಕೂಲಿನಲ್ಲಿ ಹಾಕಿದ ಲಘು ಗುರು ಪ್ರಸ್ತಾರವೇ ಸಾಕು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ದೀರ್ಘಾಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ, ಸೊನ್ನೆ ಇರುವ ಅಕ್ಷರ ಗುರು.

ಪುಟ್ಟನ ಒಂದು ಸಾಲು ನೋಡಿ: "ಬಿತ್ತು ಬಿತ್ತು ಹಣ್ಣು ಬಿತ್ತು!" ಪ್ರತಿ ಪದವೂ ಮೂರು ಮಾತ್ರೆ. ಮೂರು, ಮೂರು, ಮೂರು, ಮೂರು. ಇದು ಉತ್ಸಾಹ ರಗಳೆಯ ನಡೆ. ಓದಿದರೆ ಕುಣಿಯುತ್ತದೆ. ಅಳಿಲು ಓಡಿ, ನಿಂತು, ಓಡಿ, ನಿಂತು ಹೋಗುವುದಕ್ಕೂ ಇದಕ್ಕೂ ಸರಿಯಾಗಿ ಹೊಂದುತ್ತದೆ.

ಈಗ ಗಂಗಕ್ಕ: "ಹಣ್ಣಾಗೋದು ಬೀಳೋದಕ್ಕೇ." ಎಂಟು ಅಕ್ಷರ, ಅದರಲ್ಲಿ ಏಳು ಗುರು. "ದು" ಒಂದೇ ಲಘು. ಇದನ್ನು ಬೇಗ ಹೇಳಲು ಪ್ರಯತ್ನಿಸಿ, ನಾಲಿಗೆ ಒಪ್ಪುವುದಿಲ್ಲ. ಧ್ವನಿ ಕೊಡುವವರಿಗೆ "ನಿಧಾನವಾಗಿ ಹೇಳಿ" ಅಂತ ಹೇಳುವ ಕೆಲಸವೇ ಉಳಿಯುವುದಿಲ್ಲ, ಸಾಲೇ ಅವರನ್ನು ನಿಧಾನ ಮಾಡುತ್ತದೆ.

ಕಾಳಪ್ಪನ ಉಸಿರು ಮೂರನೆಯ ಥರ. ಅವನು ವೇಗವೂ ಅಲ್ಲ, ನಿಧಾನವೂ ಅಲ್ಲ, ನಿಲ್ಲುವುದಿಲ್ಲ ಅಷ್ಟೇ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅದನ್ನು ಎಷ್ಟು ದೂರ ಬೇಕಾದರೂ ತಳ್ಳಬಹುದು. "ಬಂದಿದ್ದು", "ಇರುವುದರಿಂದ", "ಆದಕಾರಣ" ಅಂತ ಕೊಂಡಿ ಹಾಕುತ್ತಾ ಹೋದರೆ ಕೇಳುವವರು ತೀರ್ಪಿಗಾಗಿ ಕೊನೆಯ ಪದದವರೆಗೂ ಕಾಯಬೇಕು. ಕಾಳಪ್ಪನ ದೌಲತ್ತು ಇರುವುದೇ ಈ ಕಾಯಿಸುವುದರಲ್ಲಿ.

ಇಡೀ ಚಿತ್ರವನ್ನು ಛಂದಸ್ಸಿನಲ್ಲಿ ಬರೆಯಿರಿ ಅಂತ ನಾನು ಹೇಳುತ್ತಿಲ್ಲ. ಹಾಗೆ ಮಾಡಿದರೆ ಮಕ್ಕಳ ಪದ್ಯ ಆಗಿಬಿಡುತ್ತದೆ. ಪ್ರತಿ ಪಾತ್ರದ ಎರಡು ಮೂರು ಸಾಲಿಗೆ ಮಾತ್ರ ಮಾತ್ರೆ ಎಣಿಸಿ, ಕಿವಿಗೆ ಅಚ್ಚು ಬೀಳುವಷ್ಟು. ಆಮೇಲೆ ಕಿವಿಯೇ ಸರಿ ತಪ್ಪು ಹೇಳುತ್ತದೆ.

## ಹಂತ 4: ಯಾರು ಯಾರನ್ನು ಏನಂತ ಕರೆಯುತ್ತಾರೆ

ಇದಕ್ಕೆ ಹತ್ತು ನಿಮಿಷ ಸಾಕು. ಆದರೂ ನೂರಕ್ಕೆ ತೊಂಬತ್ತು ಸ್ಕ್ರಿಪ್ಟ್‌ಗಳಲ್ಲಿ ಇದು ಇರುವುದಿಲ್ಲ. ಒಂದು ಚೌಕ ಬರೆದು ತುಂಬಿಸಿ.

ಪುಟ್ಟ ಎಮ್ಮೆಯನ್ನು "ಗಂಗಕ್ಕ, ನೀನು" ಅನ್ನುತ್ತಾನೆ, ಕಾಗೆಯನ್ನು "ಸಾರ್, ನೀವು". ಗಂಗಕ್ಕ ಅಳಿಲನ್ನು "ಮಗಾ" ಅನ್ನುತ್ತಾಳೆ, ಕಾಗೆಯನ್ನು "ಕಾಳಪ್ಪ" ಅಂತ ಬರೀ ಹೆಸರಿನಿಂದ, ಯಾಕೆಂದರೆ ಅವನು ಮೊಟ್ಟೆಯೊಡೆದು ಬಂದಾಗಿನಿಂದ ಅವಳು ನೋಡಿದ್ದಾಳೆ. ಕಾಳಪ್ಪ ಯಾರನ್ನೂ ಕರೆಯುವುದಿಲ್ಲ. ಎದುರಿಗಿದ್ದವರನ್ನೇ "ಸಂಬಂಧಪಟ್ಟವರು" ಅನ್ನುತ್ತಾನೆ.

ಚೌಕ ಒಂದು ಸಲ ನಿಂತಿತು ಅಂದರೆ ಅದನ್ನು ಮುರಿಯುವ ಜಾಗ ತಾನಾಗಿಯೇ ಕಾಣುತ್ತದೆ. ಪುಟ್ಟ ಸಿಟ್ಟಿನಲ್ಲಿ ಒಮ್ಮೆ "ಏ ಕಾಳಪ್ಪ, ನೀನು..." ಅಂದುಬಿಟ್ಟರೆ ಸಾಕು, ಪರದೆಯ ಮೇಲೆ ಬೇರೆ ಕಿರುಚಾಟ ಬೇಡ. ಆದರೆ ಅದಕ್ಕೆ ಮುಂಚೆ ಅವನು ಕನಿಷ್ಠ ಮೂರು ಸಲ "ಸಾರ್" ಅಂದಿರಬೇಕು. ಒಂದು ಕಡೆ "ನೀವು", ಇನ್ನೊಂದು ಕಡೆ ಗೊತ್ತಿಲ್ಲದೆ "ನೀನು" ಅಂತ ಬರೆದುಬಿಟ್ಟಿದ್ದರೆ ಈ ಏಟು ವ್ಯರ್ಥ.

## ಹಂತ 5: ಈಗ ಸಪ್ಪೆ ಸಾಲಿಗೆ ಉಪ್ಪು ಹಾಕಿ

ಮೂರೂ ಪಟ್ಟಿ ಎದುರಿಗಿಟ್ಟುಕೊಂಡು ಬರೆಯಿರಿ. ಸಾಲು ಸಾಲಾಗಿ ಬರೆಯಬೇಡಿ, ಒಂದೊಂದು ಪಾತ್ರವನ್ನು ಒಂದೇ ಸಲಕ್ಕೆ ಮುಗಿಸಿ. ಮೊದಲು ಪುಟ್ಟನ ಎಲ್ಲಾ ಸಾಲು, ಎದ್ದು ನೀರು ಕುಡಿದು ಬಂದು ಗಂಗಕ್ಕನ ಎಲ್ಲಾ ಸಾಲು. ದೃಶ್ಯದ ಸರದಿಯಲ್ಲೇ ಸಾಲು ಬರೆದರೆ ಒಬ್ಬರ ಲಯ ಇನ್ನೊಬ್ಬರಿಗೆ ಅಂಟಿಕೊಳ್ಳುತ್ತದೆ. ನನಗೆ ಬಂದದ್ದು ಇದು:

ಪುಟ್ಟ: ಬಿತ್ತು ಬಿತ್ತು ಹಣ್ಣು ಬಿತ್ತು! ಗಂಗಕ್ಕ ಏಳು, ಧೊಪ್ ಅಂತು, ಕೇಳಿಸ್ಲಿಲ್ವಾ, ಎಷ್ಟು ದಪ್ಪ ಗೊತ್ತಾ, ನಿನ್ ತಲೆ, ಅಲ್ಲ ಅಲ್ಲ, ನಿನ್ ಹೊಟ್ಟೆ...

ಗಂಗಕ್ಕ: ಹಣ್ಣಾಗೋದು ಬೀಳೋದಕ್ಕೇ. (ನಿಲುಗಡೆ) ಮೆಲುಕು ಮುಗೀಲಿ.

ಕಾಳಪ್ಪ: ಸದರಿ ಹಣ್ಣು ಬೆಳಿಗ್ಗೆಯೇ ಗಮನಕ್ಕೆ ಬಂದಿದ್ದು, ವಿಷಯವು ಪರಿಶೀಲನೆಯಲ್ಲಿ ಇರುವುದರಿಂದ, ಮುಂದಿನ ಆದೇಶದವರೆಗೆ ಸಂಬಂಧಪಟ್ಟವರು ಯಾರೂ ಮುಟ್ಟತಕ್ಕದ್ದಲ್ಲ.

ಪುಟ್ಟ: ಸಾರ್ ಸಾರ್, ನಾನು ಸಾರ್, ನಾನ್ ನೋಡ್ದೆ, ಕೊಂಬೇಲಿದ್ದಾಗ್ಲೇ ನೋಡ್ದೆ, ನಿನ್ನೆ, ಅಲ್ಲ, ಮೊನ್ನೆ...

ಗಂಗಕ್ಕ: ತೊಳೆ ಒಳಗಿದೆ. (ನಿಲುಗಡೆ) ಕಾಲು ನಂದು.

ಕೊನೆಯ ಸಾಲಿಗೆ ನಾನು ಮೊದಲು "ಒಡೆಯೋರು ಯಾರು?" ಅಂತ ಬರೆದಿದ್ದೆ. ಪಟ್ಟಿ ನೋಡಿದೆ: ಗಂಗಕ್ಕ ಪ್ರಶ್ನೆ ಕೇಳುವುದಿಲ್ಲ. ಹಾಗಾಗಿ ಹೊಡೆದುಹಾಕಿ ಯೋಚಿಸಬೇಕಾಯಿತು. "ಕಾಲು ನಂದು" ಸಿಕ್ಕಿದ್ದು ಆ ನಿಷೇಧದಿಂದಲೇ. ಅವಳು ತುಳಿದರೆ ಮಾತ್ರ ಹಣ್ಣು ಒಡೆಯುವುದು, ಅದನ್ನು ವಿವರಿಸುವ ದರ್ದು ಅವಳಿಗಿಲ್ಲ.

## ಹಂತ 6: ಎರಡು ಪರೀಕ್ಷೆ

ಮೊದಲನೆಯದು ರಟ್ಟಿನ ಪರೀಕ್ಷೆ. ಹೆಸರುಗಳ ಮೇಲೆ ರಟ್ಟು ಮುಚ್ಚಿ, ಸಾಲುಗಳ ಕ್ರಮ ಕಲಸಿ, ಸ್ನೇಹಿತರಿಗೆ ಓದಿ ಹೇಳಿ. ಧ್ವನಿ ಬದಲಾಯಿಸದೆ, ಪತ್ರಿಕೆ ಓದಿದ ಹಾಗೆ ಓದಬೇಕು. ಹತ್ತು ಸಾಲಿನಲ್ಲಿ ಎರಡಕ್ಕಿಂತ ಹೆಚ್ಚು ತಪ್ಪಾಗಿ ಗುರುತಿಸಿದರೆ ಹಂತ 2ಕ್ಕೆ ವಾಪಸ್. ನೀವು ಮಿಮಿಕ್ರಿ ಮಾಡಿ ಓದಿದರೆ ಪರೀಕ್ಷೆ ಕೆಟ್ಟಿತು, ಯಾಕೆಂದರೆ ಆಗ ಗುರುತು ಸಿಗುವುದು ನಿಮ್ಮ ಗಂಟಲಿನಿಂದ.

ಎರಡನೆಯದು ಅದಲು ಬದಲು. ಗಂಗಕ್ಕನ ಒಂದು ಸಾಲನ್ನು ಪುಟ್ಟನ ಬಾಯಿಗೆ ಹಾಕಿ. "ಮೆಲುಕು ಮುಗೀಲಿ" ಅಂತ ಅಳಿಲು ಅಂದರೆ ನಗು ಬರಬೇಕು. ನಗು ಬರದೆ ಸುಮ್ನೆ ಸರಿಹೋಗಿಬಿಟ್ಟರೆ ಆ ಸಾಲು ಯಾರದ್ದೂ ಅಲ್ಲ. "ಸರಿ, ಹೋಗೋಣ", "ಏನಾಯ್ತು?" ಇಂಥ ಸಾಲುಗಳು ಯಾವಾಗಲೂ ಇಲ್ಲಿ ಸಿಕ್ಕಿಬೀಳುತ್ತವೆ. ಅವನ್ನು ತೆಗೆದು ಒಂದು ನೋಟ ಅಥವಾ ತಲೆ ಅಲ್ಲಾಡಿಸುವುದಕ್ಕೆ ಬಿಡಿ.

## ಊರ ಮಾತಿನ ಬಗ್ಗೆ ಒಂದು ಮಾತು

"ಒಬ್ಬನಿಗೆ ಧಾರವಾಡ ಕನ್ನಡ, ಇನ್ನೊಬ್ಬನಿಗೆ ಮಂಗಳೂರು ಕನ್ನಡ, ಮೂರನೆಯವನಿಗೆ ಮಂಡ್ಯ ಕನ್ನಡ ಕೊಟ್ಟರೆ ಆಯ್ತಲ್ಲಾ?" ಅಂತ ಬಹಳ ಜನ ಕೇಳುತ್ತಾರೆ. ಆಗುವುದಿಲ್ಲ. ಊರ ಮಾತು ಊರನ್ನು ಹೇಳುತ್ತದೆ, ಮನುಷ್ಯನನ್ನಲ್ಲ. ಒಂದೇ ಮನೆಯ ಅಣ್ಣ ತಮ್ಮ ಇಬ್ಬರೂ "ಹೊಂಟೀನಿ" ಅಂದರೂ ಒಬ್ಬ ಅರ್ಧ ಗಂಟೆ ಮಾತಾಡಿ ಹೊರಡುತ್ತಾನೆ, ಇನ್ನೊಬ್ಬ ಅಷ್ಟೇ ಅಂದು ಹೊರಡುತ್ತಾನೆ. ಜೊತೆಗೆ ಒಂದೇ ಊರಿನಲ್ಲಿ ಬೆಳೆದ ಮೂರು ಪ್ರಾಣಿಗಳಿಗೆ ಮೂರು ಜಿಲ್ಲೆಯ ಕನ್ನಡ ಎಲ್ಲಿಂದ ಬಂತು?

ಮೊದಲು ಮೂವರಿಗೂ ಒಂದೇ ಕನ್ನಡದಲ್ಲಿ ಬರೆದು ರಟ್ಟಿನ ಪರೀಕ್ಷೆ ಪಾಸು ಮಾಡಿಸಿ. ಆಮೇಲೆ ಕಥೆಗೆ ಬೇಕಿದ್ದರೆ ಊರ ಮಾತು ತನ್ನಿ, ಆ ಊರಿನವರ ಹತ್ತಿರ ಓದಿಸಿ. "ಎಂತ ಮಾರಾಯ್ರೆ" ಎರಡು ಸಲ ಹಾಕಿ ಉಳಿದಿದ್ದನ್ನೆಲ್ಲ ಬೆಂಗಳೂರು ಕನ್ನಡದಲ್ಲಿ ಬರೆದರೆ ಕರಾವಳಿಯವರು ಮೊದಲ ವಾಕ್ಯದಲ್ಲೇ ಹಿಡಿಯುತ್ತಾರೆ. ಇನ್ನೊಂದು ಕೆಟ್ಟ ಲಕ್ಷಣ: ಚಿತ್ರದಲ್ಲಿ ಪೆದ್ದ ಅಥವಾ ಆಳಿನ ಪಾತ್ರ ಮಾತ್ರ ಊರ ಮಾತಾಡುತ್ತಿದೆಯಾ? ಹಾಗಿದ್ದರೆ ನಿಲ್ಲಿಸಿ, ಅದು ಪಾತ್ರ ಅಲ್ಲ, ಅವಮಾನ.

## ಹಂತ 7: ಗಾಬರಿ ಬಿದ್ದಾಗ

ಸಮಾಧಾನದ ದೃಶ್ಯದಲ್ಲಿ ಬೇರೆ ಬೇರೆ ಇದ್ದವರು ಓಟದ ದೃಶ್ಯ ಬಂದ ಕೂಡಲೇ ಒಂದಾಗಿಬಿಡುತ್ತಾರೆ. ಎಲ್ಲರೂ "ಅಯ್ಯೋ! ಹಿಡೀರಿ! ಬೇಗ!" ಹಣ್ಣು ಇಳಿಜಾರಿನಲ್ಲಿ ಬಾವಿಯ ಕಡೆ ಉರುಳುತ್ತಿದೆ ಅಂದುಕೊಳ್ಳಿ. ಇಲ್ಲಿ ಪ್ರತಿಯೊಬ್ಬರ ಮಾತೂ ಮುರಿಯಬೇಕು, ಆದರೆ ಅವರವರ ದಿಕ್ಕಿನಲ್ಲಿ.

ಕಾಳಪ್ಪನ ಕಚೇರಿ ಕುಸಿಯುತ್ತದೆ: "ಸದರಿ... ಸದರಿ ಹಣ್ಣು... ಅಯ್ಯೋ ನಂದು, ಹಿಡ್ಕೊಳ್ರೋ!" ಇಡೀ ಚಿತ್ರದಲ್ಲಿ ಅವನು ತನ್ನದು ಅಂತ ಬಾಯಿಬಿಟ್ಟು ಹೇಳುವುದು ಇದೊಂದೇ ಸಲ. ಪುಟ್ಟನಿಗೆ ಮಾತೇ ನಿಂತುಹೋಗುತ್ತದೆ. ಬಾಯಿ ತೆರೆದಿದೆ, ಸದ್ದಿಲ್ಲ, ಕೊನೆಗೆ "ಗಂಗಕ್ಕ" ಅಂತ ಒಂದೇ ಪದ. ಗಂಗಕ್ಕ ಮಾತ್ರ ಬದಲಾಗುವುದಿಲ್ಲ. ಬಾವಿಯ ದಾರಿಗೆ ಅಡ್ಡ ಕಾಲಿಡುತ್ತಾಳೆ.

ಇಂಥ ಮುರಿತ ಒಂದು ಪಾತ್ರಕ್ಕೆ ಒಂದು ಚಿತ್ರದಲ್ಲಿ ಒಂದೇ ಸಲ. ಕಾಳಪ್ಪ ಮಧ್ಯದಲ್ಲೇ ಎರಡು ಸಲ "ನಂದು ನಂದು" ಅಂದುಬಿಟ್ಟಿದ್ದರೆ ಇಲ್ಲಿ ಯಾರಿಗೂ ನಗು ಬರುವುದಿಲ್ಲ.

## ಹಂತ 8: ಸ್ಟಾಪ್‌ವಾಚ್ ಮತ್ತು ಫ್ರೇಮ್

ಮಾತು ಕಾಗದದ ಮೇಲೆ ಸರಿಯಾದ ಮೇಲೆ ಎಲ್ಲವನ್ನೂ ನೀವೇ ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಇದಕ್ಕೆ ಸ್ಕ್ರ್ಯಾಚ್ ಟ್ರ್ಯಾಕ್ ಅನ್ನುತ್ತಾರೆ. ಸ್ಟೋರಿಬೋರ್ಡ್ ಚಿತ್ರಗಳ ಕೆಳಗೆ ಈ ಧ್ವನಿ ಜೋಡಿಸಿದರೆ ಅನಿಮ್ಯಾಟಿಕ್ ಸಿದ್ಧ. ಲಯದ ತಪ್ಪುಗಳು ನಿಜವಾಗಿ ಕೇಳಿಸುವುದು ಇಲ್ಲಿ.

ಸೆಕೆಂಡಿಗೆ 24 ಫ್ರೇಮ್ ಲೆಕ್ಕ. ನಾನು ಓದಿದಾಗ "ಹಣ್ಣಾಗೋದು ಬೀಳೋದಕ್ಕೇ" ಎರಡೂವರೆ ಸೆಕೆಂಡ್ ಹಿಡಿಯಿತು, ಅಂದರೆ 60 ಫ್ರೇಮ್. ಆಮೇಲಿನ ನಿಲುಗಡೆ ಒಂದೂವರೆ ಸೆಕೆಂಡ್, 36 ಫ್ರೇಮ್. ಸ್ಕ್ರಿಪ್ಟ್‌ನಲ್ಲಿ "(ನಿಲುಗಡೆ)" ಅಂತ ಮಾತ್ರ ಬರೆದರೆ ಚಿತ್ರ ಬಿಡಿಸುವವರಿಗೆ ಅದು ಖಾಲಿ ಜಾಗ. ಖಾಲಿ ಜಾಗವನ್ನು ಸಂಕಲನದಲ್ಲಿ ಕತ್ತರಿಸಿಬಿಡುತ್ತಾರೆ, ಗಂಗಕ್ಕನ ಲಯ ಅಲ್ಲಿಗೆ ಸತ್ತಿತು. ನಿಲುಗಡೆಯಲ್ಲಿ ಏನು ನಡೆಯುತ್ತದೆ ಅಂತಲೂ ಬರೆಯಿರಿ: ಬಾಲ ಒಂದು ಸಲ ನೊಣ ಓಡಿಸುತ್ತದೆ.

ಎಮ್ಮೆಯ ವಿಷಯದಲ್ಲಿ ನಮಗೆ ಒಂದು ತೊಡಕು ಬಂತು. ಅವಳು ಯಾವಾಗಲೂ ಮೆಲುಕು ಹಾಕುತ್ತಿರುತ್ತಾಳೆ, ದವಡೆ ಆಡುತ್ತಲೇ ಇರುತ್ತದೆ. ಹಾಗಿರುವಾಗ ಮಾತು ಶುರುವಾದದ್ದು ಹೇಗೆ ಗೊತ್ತಾಗಬೇಕು? ಕೊನೆಗೆ ಮಾತಿಗೆ ಮುಂಚೆ ದವಡೆ 12 ಫ್ರೇಮ್ ನಿಲ್ಲಲಿ ಅಂತ ಮಾಡಿದೆವು. ಅವಳ ಪ್ರತಿ ಸಾಲಿಗೂ ಅರ್ಧ ಸೆಕೆಂಡ್ ಮುನ್ನುಡಿ ಸಿಕ್ಕಿತು. ದವಡೆ ನಿಂತ ಕೂಡಲೇ ನೋಡುವವರು ಕಿವಿ ನೆಟ್ಟಗೆ ಮಾಡುತ್ತಾರೆ.

ತುಟಿಯ ಲೆಕ್ಕವೂ ಸ್ವಲ್ಪ ಇದೆ. ಪ, ಬ, ಮ ಹೇಳಲು ತುಟಿ ಮುಚ್ಚಲೇಬೇಕು. ಆ ಮುಚ್ಚಿದ ಬಾಯಿ ಕನಿಷ್ಠ ಎರಡು ಫ್ರೇಮ್ ಇಲ್ಲದಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಪುಟ್ಟನಂಥ ವೇಗದ ಪಾತ್ರಕ್ಕೆ "ಪಾಪ ಬೊಂಬೆ ಬೇಕು" ಅಂತ ಪ, ಬ, ಮ ಒತ್ತೊತ್ತಾಗಿ ಬಂದರೆ ಬಾಯಿ ಪಟಪಟ ಹೊಡೆದುಕೊಂಡ ಹಾಗೆ ಕಾಣುತ್ತದೆ. ಕಾಳಪ್ಪನಿಗೆ ಈ ಚಿಂತೆ ಇಲ್ಲ, ಕೊಕ್ಕಿಗೆ ತುಟಿ ಎಲ್ಲಿದೆ? ಅವನ ಮಾತಿನ ಒತ್ತು ತಲೆಯ ಅಲುಗಾಟದಲ್ಲಿ ಬರಬೇಕು. ಹಾಗಾಗಿ ಅವನ ಉದ್ದ ವಾಕ್ಯದಲ್ಲಿ ತಲೆ ಕುಕ್ಕುವ ಎರಡು ಪದಕ್ಕೆ ಅಡಿಗೆರೆ ಹಾಕಿ ಕೊಡಿ: "ಸದರಿ", "ತಕ್ಕದ್ದಲ್ಲ".

## ಹಂತ 9: ಧ್ವನಿ ಕೊಡುವವರಿಗೆ ಪ್ರತಿ ಸಿದ್ಧಮಾಡುವುದು

ಪುಟ್ಟ, ಗಂಗಕ್ಕನ ಸಾಲುಗಳನ್ನು ಆಡುವ ಹಾಗೇ ಬರೆಯಿರಿ. "ನೋಡಿದೆ" ಅಂತ ಬರೆದು "ನೋಡ್ದೆ" ಅಂತ ಹೇಳಲಿ ಅಂದರೆ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ, ಎಣಿಸಿದ ಮಾತ್ರೆ ಕೆಡುತ್ತದೆ. ಕಾಳಪ್ಪನದ್ದು ಮಾತ್ರ ಪೂರ್ತಿ ಪುಸ್ತಕದ ರೂಪದಲ್ಲಿರಲಿ. ಅವನು "ಮುಟ್ಟಬಾರ್ದು" ಅಂದರೆ ಕೆಲಸ ಕೆಟ್ಟಿತು. ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಒಂದು ಓರೆಗೆರೆ ಹಾಕಿ. ಕಾಳಪ್ಪನ ಸಾಲಿನಲ್ಲಿ ಒಂದೂ ಓರೆಗೆರೆ ಇರಬಾರದು. ಒಂದೇ ಉಸಿರಿಗೆ ಅವರಿಗೆ ಆಗದಿದ್ದರೆ ಸಾಲು ಕಡಿಮೆ ಮಾಡಿ, ಗೆರೆ ಸೇರಿಸಬೇಡಿ.

ಒಬ್ಬೊಬ್ಬರನ್ನೇ ಬೇರೆ ಬೇರೆ ದಿನ ಕರೆಸಿ ರೆಕಾರ್ಡ್ ಮಾಡುವುದು ಸಾಮಾನ್ಯ. ಆಗ ಅರ್ಧಕ್ಕೆ ಕತ್ತರಿಸುವ ಮಾತುಗಳು ಕೈಕೊಡುತ್ತವೆ. "ನಿನ್ ಹೊಟ್ಟೆ..." ಅಂತ ಮೂರು ಚುಕ್ಕಿ ಇಟ್ಟರೆ ಮಾತಾಡುವವರು ಅಲ್ಲಿ ದನಿ ಇಳಿಸಿ ನಿಲ್ಲಿಸುತ್ತಾರೆ, ಯಾರೋ ಬಾಯಿ ಹಾಕಿದ ಹಾಗೆ ಕೇಳಿಸುವುದಿಲ್ಲ. ಆ ವಾಕ್ಯವನ್ನು ಪೂರ್ತಿ ಬರೆದುಕೊಡಿ: "ನಿನ್ ಹೊಟ್ಟೆ ಇದ್ಯಲ್ಲಾ ಅದಕ್ಕಿಂತ ದಪ್ಪ, ಬಾ ತೋರಿಸ್ತೀನಿ". ಅವರು ಓಡುವ ಉಸಿರಿನಲ್ಲೇ ಕೊನೆಯವರೆಗೂ ಹೇಳಲಿ. "ಹೊಟ್ಟೆ" ಆದ ಮೇಲೆ ಕತ್ತರಿ ಹಾಕುವುದು ಸಂಕಲನದ ಮೇಜಿನ ಕೆಲಸ.